ಅರ್ಜಿಗೊಂದು ಭಾಷೆ, ದಾಖಲೆಗೊಂದು ಭಾಷೆ

ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಅರ್ಜಿ ಬರೆಸಿಕೊಳ್ಳಲು ಬರುವವರು ಮೊದಲು ಕೇಳುವುದು ಅರ್ಜಿಯಲ್ಲಿ ಏನು ಬರೆಯಬೇಕು ಎಂದಲ್ಲ, ಯಾವ ಭಾಷೆಯಲ್ಲಿ ಬರೆಯಬೇಕು ಎಂದು. ಇಂಗ್ಲಿಷಿನಲ್ಲಿ ಬರೆದರೆ ತೂಕ ಬರುತ್ತದೆ, ಸಾಹೇಬರು ಎದ್ದು ಕೂತು ಓದುತ್ತಾರೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಮಕ್ಕಳು ಪುಣೆ, ಬೆಂಗಳೂರು ಸೇರಿದ ಮನೆಗಳಲ್ಲಿ ಅದು ಮತ್ತಷ್ಟು ಗಟ್ಟಿಯಾಗಿದೆ. ನಿವೃತ್ತಿಯಾದ ಮೇಲೆ ಇಂಥ ಅರ್ಜಿಗಳನ್ನು ಬರೆದುಕೊಡುವುದು ನನ್ನ ದಿನಚರಿಯ ಒಂದು ಭಾಗವಾಗಿದೆ. ಬರೆಯುತ್ತ ಬರೆಯುತ್ತ ಈ ಪ್ರಶ್ನೆಯ ಬಗ್ಗೆ ನನಗೊಂದು ಖಚಿತ ಅಭಿಪ್ರಾಯ ಮೂಡಿದೆ. ಅದನ್ನು ಒಂದು ಪ್ರಕರಣದ ಮೂಲಕ ಹೇಳುತ್ತೇನೆ.

ನವಲಗುಂದ ತಾಲೂಕಿನ ಒಬ್ಬ ಹಿರಿಯರು ತೀರಿಕೊಂಡರು. ಅವರ ಹೆಸರಿನಲ್ಲಿ ನಾಲ್ಕು ಎಕರೆ ಇಪ್ಪತ್ತು ಗುಂಟೆ ಎರಿ ಹೊಲ. ಪಿತ್ರಾರ್ಜಿತವಲ್ಲ, ತಾವೇ ಖರೀದಿ ಹಿಡಿದದ್ದು. ಹೆಂಡತಿ ಮೊದಲೇ ಹೋಗಿದ್ದರು. ಇಬ್ಬರು ಗಂಡುಮಕ್ಕಳು ಊರಲ್ಲೇ ಇದ್ದಾರೆ. ಒಬ್ಬಳೇ ಮಗಳನ್ನು ಕೊಲ್ಹಾಪುರ ಜಿಲ್ಲೆಯ ಹಳ್ಳಿಗೆ ಕೊಟ್ಟಿದ್ದರು. ಅವಳು ತಂದೆಗಿಂತ ಮೊದಲೇ ತೀರಿಹೋದಳು. ಅವಳಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗನಿಗೆ ಪುಣೆಯಲ್ಲಿ ನೌಕರಿ. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ವಾರಸಾ ಮಾಡಿಸಿ ಉತಾರದಲ್ಲಿ ಎಲ್ಲರ ಹೆಸರು ಏರಿಸಬೇಕು ಎಂದು ಸೋದರಮಾವಂದಿರು ತಾವಾಗಿಯೇ ಅವನಿಗೆ ಫೋನು ಮಾಡಿದ್ದರು. ಅವನು ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ಬರೆದು ಕಳಿಸಿದ್ದ. ಹಿರಿಯ ಸೋದರಮಾವ ಅದನ್ನು ನನ್ನ ಮುಂದೆ ಇಟ್ಟು ಹೇಳಿದರು:

"ಸರ್ರ, ಹುಡುಗ ಚಂದಂಗ ಇಂಗ್ಲೀಷನ್ಯಾಗ ಬರದು ಕಳಿಸ್ಯಾನ. ಇದನ್ನ ಹಿಂಗ ಕೊಟ್ರ ಲಗೂನ ಆಗತೈತಿ ಅಂತ ಅವನ ವಿಚಾರ. ನೀವೇನಂತೀರಿ?"

ಪತ್ರ ಚೆನ್ನಾಗಿಯೇ ಇತ್ತು. ಆದರೂ ಅದನ್ನು ಹಾಗೇ ಕೊಡುವುದು ಬೇಡ ಎಂದೆ. ಏಕೆ ಎಂದು ಅವರಿಗೆ ಹೇಳಲು ತಹಶೀಲ್ದಾರ ಕಚೇರಿಯೊಳಗೆ ಒಂದು ಕಾಗದ ಹೇಗೆ ನಡೆಯುತ್ತದೆ ಎಂಬುದನ್ನೇ ಹೇಳಬೇಕಾಯಿತು.

ಅರ್ಜಿ ಮೊದಲು ಟಪಾಲಿನಲ್ಲಿ ಆವಕ ಆಗುತ್ತದೆ. ಅಲ್ಲಿಂದ ಆ ವಿಷಯ ನೋಡುವ ಗುಮಾಸ್ತರ ಮೇಜಿಗೆ ಹೋಗುತ್ತದೆ. ಅವರು ಕಡತದಲ್ಲಿ ಟಿಪ್ಪಣಿ ಬರೆಯುತ್ತಾರೆ: ಅರ್ಜಿದಾರರು ಇಂಥವರು, ಇಂಥ ಸರ್ವೆ ನಂಬರಿನ ಬಗ್ಗೆ ಇಂಥದ್ದನ್ನು ಕೋರಿದ್ದಾರೆ, ಇಂತಿಂಥ ದಾಖಲೆ ಲಗತ್ತಿಸಿದ್ದಾರೆ. ಈ ಟಿಪ್ಪಣಿ ಕನ್ನಡದಲ್ಲಿರುತ್ತದೆ. ಶಿರಸ್ತೇದಾರರು ಅದರ ಕೆಳಗೆ ತಮ್ಮ ಅಭಿಪ್ರಾಯ ಬರೆಯುತ್ತಾರೆ, ತಹಶೀಲ್ದಾರರು ಅದರ ಕೆಳಗೆ ಆದೇಶ ಬರೆಯುತ್ತಾರೆ. ಮೇಲೆ ಹೋದ ಹಾಗೆ ಎಲ್ಲರೂ ಮೊದಲು ಓದುವುದು ಟಿಪ್ಪಣಿಯನ್ನು. ಮೂಲ ಅರ್ಜಿಯನ್ನು ತೆಗೆದು ನೋಡುವುದು ಅನುಮಾನ ಬಂದಾಗ. ಹಾಗಾಗಿ ಅರ್ಜಿ ಕನ್ನಡದಲ್ಲಿದ್ದರೆ ಗುಮಾಸ್ತರು ನಮ್ಮ ವಾಕ್ಯವನ್ನೇ ಎತ್ತಿ ಟಿಪ್ಪಣಿಗೆ ಬರೆದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿದ್ದರೆ ಅವರು ಅದನ್ನು ಓದಿ, ತಮಗೆ ತಿಳಿದಷ್ಟನ್ನು ಕನ್ನಡದಲ್ಲಿ ಬರೆಯುತ್ತಾರೆ. ಆ ಕ್ಷಣದಿಂದ ನಮ್ಮ ಪ್ರಕರಣ ಎಂದರೆ ಅವರು ಬರೆದದ್ದು. ನಾವು ಬರೆದದ್ದು ಕಡತದ ಹಿಂದಿನ ಪುಟವಾಗಿ ಉಳಿಯುತ್ತದೆ. ಅರ್ಜಿ ಇಂಗ್ಲಿಷಿನಲ್ಲಿದ್ದರೂ ಅನುವಾದವಂತೂ ಆಗಿಯೇ ಆಗುತ್ತದೆ, ಆದರೆ ಅದನ್ನು ಮಾಡುವವರು ನಾವಲ್ಲ, ಅದರ ಮೇಲೆ ನಮ್ಮ ಸಹಿಯೂ ಇರುವುದಿಲ್ಲ.

ವಾರಸಾ ಪ್ರಕರಣದಲ್ಲಿ ಇದಕ್ಕೆ ಇನ್ನೊಂದು ತಿರುವು ಇದೆ. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 129ನೇ ಕಲಮಿನ ಪ್ರಕಾರ ಹಕ್ಕು ಬದಲಾವಣೆಯ ನಮೂದಿನ ಪೂರ್ಣ ಪ್ರತಿಯನ್ನು ಊರ ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು, ಸಂಬಂಧಪಟ್ಟವರಿಗೆ ಲಿಖಿತ ತಿಳಿವಳಿಕೆ ಕೊಡಬೇಕು. ಯಾರಾದರೂ ತಕರಾರು ಎತ್ತಿದರೆ ಅದನ್ನು ಬೇರೆಯಾಗಿ ನೋಂದಾಯಿಸಿ ವಿಚಾರಣೆ ಮಾಡಬೇಕು. ಅಂದರೆ ನಾವು ಅರ್ಜಿಯಲ್ಲಿ ಬರೆದ ಹೆಸರು ಮತ್ತು ಹಿಸ್ಸೆ ಕೊನೆಗೆ ಚಾವಡಿಯ ಗೋಡೆಯ ಮೇಲೆ ಊರವರ ಓದಿಗೆ ಬರುತ್ತವೆ. ಊರವರು ಓದಲಿರುವ ಮಾತನ್ನು ಮೊದಲೇ ಅವರ ಭಾಷೆಯಲ್ಲಿ ಬರೆಯುವುದು ಸುರಕ್ಷಿತ. ನಡುವೆ ಎಷ್ಟು ಕೈಗಳು ಅದನ್ನು ತಿರುವಿ ಬರೆಯುತ್ತವೋ, ತಪ್ಪು ನುಸುಳುವ ಜಾಗಗಳೂ ಅಷ್ಟೇ.

ಇಂಗ್ಲಿಷಿಗೆ ಕಾನೂನಿನ ಅಡ್ಡಿಯೇನೂ ಇಲ್ಲ ಎಂಬುದನ್ನೂ ಹೇಳಬೇಕು. 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿ ಮಾಡಿತು, ಆದರೆ ಇಂಗ್ಲಿಷ್ ಅರ್ಜಿಯನ್ನು ಹಿಂದಕ್ಕೆ ಕಳಿಸಿ ಎಂದು ಹೇಳಲಿಲ್ಲ. ಸಂವಿಧಾನದ 350ನೇ ಅನುಚ್ಛೇದ ಇನ್ನೂ ವಿಶಾಲವಾಗಿದೆ. ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಆದ್ದರಿಂದ "ಇಂಗ್ಲೀಷನ್ಯಾಗ ಬರಕೊಂಡು ಬರ್ರಿ" ಎಂದು ಯಾರಾದರೂ ಕನ್ನಡದ ಅರ್ಜಿಯನ್ನು ತಿರುಗಿಸಿದರೆ ಒಪ್ಪಿಕೊಳ್ಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬರೆದವನನ್ನು ತಿರುಗಿಸಿದರೂ ಅಷ್ಟೇ. ನನ್ನ ಸಲಹೆ ಹಕ್ಕಿನದ್ದಲ್ಲ, ಓದಿನದ್ದು. ಯಾವ ಭಾಷೆಯಲ್ಲಿ ಆದೇಶ ಬರಲಿದೆಯೋ ಆ ಭಾಷೆಯಲ್ಲಿ ಕೇಳಿಕೊಳ್ಳುವುದು ಲೇಸು.

ಹುಡುಗನ ಎರಡು ಪುಟವನ್ನು ಕನ್ನಡಕ್ಕೆ ತರಲು ಕುಳಿತಾಗ ಅರ್ಧದಷ್ಟನ್ನು ಬಿಡಬೇಕಾಯಿತು. ಅಜ್ಜನ ಮೇಲಿನ ಪ್ರೀತಿ, ತಾಯಿಯ ನೆನಪು, ಎಷ್ಟು ದೂರದಿಂದ ಬರೆಯುತ್ತಿದ್ದೇನೆ ಎಂಬುದು, ಇವೆಲ್ಲ ನಿಜವಾದ ಮಾತುಗಳು. ಆದರೆ ಟಿಪ್ಪಣಿ ಬರೆಯುವವರಿಗೆ ಬೇಕಾದದ್ದು ಬೇರೆ. ವಿಷಯದ ಸಾಲಿನಲ್ಲಿ ಊರು, ರಿ.ಸ.ನಂ., ಕ್ಷೇತ್ರ, ಮೃತರ ಹೆಸರು ಮತ್ತು ವಾರಸುದಾರರ ಹೆಸರು ದಾಖಲಿಸುವ ಕುರಿತು ಎಂಬ ಕೋರಿಕೆ. ಮೊದಲ ಪರಿಚ್ಛೇದದಲ್ಲಿ ಮೃತರು ಯಾರು, ಯಾವಾಗ ತೀರಿಕೊಂಡರು, ಜಮೀನು ಅವರಿಗೆ ಹೇಗೆ ಬಂತು. ಎರಡನೆಯದರಲ್ಲಿ ವಾರಸುದಾರರು ಯಾರು ಯಾರು, ಏನು ಸಂಬಂಧ. ಮೂರನೆಯದರಲ್ಲಿ ಏನು ಮಾಡಬೇಕೆಂದು ಕೋರಿಕೆ. ಆಮೇಲೆ ಲಗತ್ತುಗಳ ಪಟ್ಟಿ. ಒಂದೇ ಪುಟ ಸಾಕು.

ಸಹಿಯ ಬಗ್ಗೆ ಸೋದರಮಾವಂದಿರಿಗೆ ಒಂದು ಅಳುಕಿತ್ತು. ಕನ್ನಡ ಓದಲು ಬಾರದ ಹುಡುಗ ಕನ್ನಡದ ಕಾಗದಕ್ಕೆ ಸಹಿ ಹಾಕಿದರೆ ನಾಳೆ ಯಾರಾದರೂ ಆಡಿಕೊಂಡಾರು ಎಂದು. ಅಳುಕು ಸರಿಯಾದದ್ದೇ. ತಿಳಿಯದ ಭಾಷೆಯ ಬರಹಕ್ಕೆ ಸುಮ್ಮನೆ ಸಹಿ ಹಾಕಬಾರದು. ಅದಕ್ಕೆ ದಾರಿ ಇದೆ. ಅವನಿಗೆ ಫೋನಿನಲ್ಲಿ ಸಾಲುಸಾಲಾಗಿ ಓದಿ ಹೇಳಿದೆ. ಮಾತಿನ ಕನ್ನಡ ಅವನಿಗೆ ಚೆನ್ನಾಗಿ ತಿಳಿಯುತ್ತದೆ. ಎರಡು ಕಡೆ ತಿದ್ದಿಸಿದ. ಅರ್ಜಿಯ ಕೊನೆಗೆ ಒಂದು ಸಾಲು ಸೇರಿಸಿದೆವು: "ಮೇಲಿನ ವಿಷಯವನ್ನು ನನಗೆ ಓದಿ ಹೇಳಲಾಗಿದ್ದು, ತಿಳಿದುಕೊಂಡು ಸಹಿ ಮಾಡಿದ್ದೇನೆ." ಅದರ ಕೆಳಗೆ ಓದಿ ಹೇಳಿದವನೆಂದು ನನ್ನ ಹೆಸರು, ವಿಳಾಸ, ಸಹಿ. ಅವನು ಸಹಿಯನ್ನು ಕನ್ನಡದಲ್ಲೇ ಹಾಕಬೇಕಾಗಿಲ್ಲ. ಬ್ಯಾಂಕಿನಲ್ಲಿ, ಉಳಿದ ದಾಖಲೆಗಳಲ್ಲಿ ಹೇಗೆ ಹಾಕುತ್ತಾನೋ ಹಾಗೆಯೇ ಹಾಕಬೇಕು. ಅರ್ಜಿಗೆಂದು ಹೊಸ ಸಹಿ ಕಲಿತು ಹಾಕಿದರೆ ಅದೇ ತಕರಾರಿಗೆ ದಾರಿಯಾಗುತ್ತದೆ.

ಅವನ ಇಂಗ್ಲಿಷ್ ಪತ್ರವನ್ನೂ ಹಿಂದೆ ಜೋಡಿಸೋಣವೇ ಎಂದು ಕೇಳಿದರು. ಬೇಡ ಎಂದೆ. ಒಂದೇ ಕೋರಿಕೆ ಎರಡು ಭಾಷೆಯಲ್ಲಿ ಎರಡು ಸಹಿಯೊಂದಿಗೆ ಕಡತಕ್ಕೆ ಹೋದರೆ ಎರಡರ ನಡುವಿನ ಸಣ್ಣ ವ್ಯತ್ಯಾಸವೂ ಪ್ರಶ್ನೆಯಾಗುತ್ತದೆ. ಎರಡನ್ನೂ ಕೊಡಲೇಬೇಕಾದ ಸಂದರ್ಭ ಬಂದರೆ ಯಾವುದು ಮೂಲ, ಯಾವುದು ಅನುವಾದ ಎಂದು ಎರಡರ ಮೇಲೂ ಬರೆದಿರಬೇಕು. ಸರ್ಕಾರವೂ ತನ್ನ ಕಾಯಿದೆಗಳಿಗೆ ಇದನ್ನೇ ಮಾಡುತ್ತದೆ. ವಿಧಾನಮಂಡಲ ಕನ್ನಡದಲ್ಲಿ ಅಂಗೀಕರಿಸಿದ ಅಧಿನಿಯಮದ ಇಂಗ್ಲಿಷ್ ಅನುವಾದವನ್ನು ರಾಜ್ಯಪಾಲರ ಅಧಿಕಾರದಡಿ ಪ್ರಕಟಿಸಿದಾಗ ಆ ಇಂಗ್ಲಿಷೇ ಅಧಿಕೃತ ಪಾಠ ಎಂದು ಸಂವಿಧಾನದ 348ನೇ ಅನುಚ್ಛೇದ ಹೇಳುತ್ತದೆ. ಕನ್ನಡಿಗನಾಗಿ ಆ ಏರ್ಪಾಡು ನನಗೆ ಒಪ್ಪಿತವಲ್ಲ, ಆದರೆ ಯಾವುದರ ಮಾತು ನಡೆಯುತ್ತದೆ ಎಂದು ಮೊದಲೇ ಹೇಳಿಡುವ ಶಿಸ್ತು ಅದರಲ್ಲಿದೆ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಲಗತ್ತುಗಳಲ್ಲಿ ಉತಾರ, ಹಿರಿಯರ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶಾವಳಿ ಕನ್ನಡದ್ದವು. ಮಗಳ ಮರಣ ಪ್ರಮಾಣಪತ್ರ ಮರಾಠಿ ಮತ್ತು ಇಂಗ್ಲಿಷ್ ಎರಡರಲ್ಲೂ ಇತ್ತು. ಅವಳ ಮಕ್ಕಳು ಇವರೇ ಎಂದು ತೋರಿಸುವ ವಾರಸ ದಾಖಲೆ ಮಾತ್ರ ಪೂರ್ತಿ ಮರಾಠಿ, ಅದರಲ್ಲೂ ಅರ್ಧ ಕೈಬರಹ. ಎಲ್ಲವನ್ನೂ ಅನುವಾದಿಸಬೇಕೆಂದು ಹೊರಡುವವರಿದ್ದಾರೆ. ಆಧಾರ್ ಕಾರ್ಡನ್ನೂ ಅನುವಾದ ಮಾಡಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಕಡತ ದಪ್ಪವಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಇಂಗ್ಲಿಷ್ ಸಾಲುಗಳಿರುವ ಮರಣ ಪ್ರಮಾಣಪತ್ರವನ್ನು ಕಚೇರಿಯವರು ಓದಿಕೊಳ್ಳುತ್ತಾರೆ. ಅನುವಾದ ಬೇಕಾದದ್ದು ಆ ಒಂದು ಮರಾಠಿ ಕಾಗದಕ್ಕೆ.

ಮರಾಠಿಯಿಂದ ಯಾವ ಭಾಷೆಗೆ? ಹುಡುಗ ಪುಣೆಯಲ್ಲೇ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಮೊಹರು ಹಾಕಿಸುತ್ತೇನೆ ಎಂದ. ಅಲ್ಲಿ ಅದು ಸುಲಭವಾಗಿ ಸಿಗುತ್ತದೆ. ಆದರೆ ಮರಾಠಿಯಿಂದ ಇಂಗ್ಲಿಷಿಗೆ ಒಮ್ಮೆ, ಇಂಗ್ಲಿಷಿನಿಂದ ಟಿಪ್ಪಣಿಯ ಕನ್ನಡಕ್ಕೆ ಇನ್ನೊಮ್ಮೆ, ಹೀಗೆ ಎರಡು ಸಲ ದಾಟುವಾಗ ಹೆಸರುಗಳು ಕೆಡುತ್ತವೆ. ದೇವನಾಗರಿಯಲ್ಲಿ ಹ್ರಸ್ವ ದೀರ್ಘ, ಟ ತ, ಳ ಲ ಎಲ್ಲ ಕನ್ನಡದ ಹಾಗೇ ಬೇರೆಬೇರೆ ಅಕ್ಷರ. ಇಂಗ್ಲಿಷಿಗೆ ಹೋದ ಕೂಡಲೇ ಒಂದಾಗಿಬಿಡುತ್ತವೆ. ಅಲ್ಲಿಂದ ಕನ್ನಡಕ್ಕೆ ಬರುವಾಗ ಗುಮಾಸ್ತರು ಊಹಿಸಬೇಕು. ಪಾಟೀಲರು ಪಾಟಿಲರಾದರೆ ದೊಡ್ಡದೇನೂ ಅಲ್ಲ ಎಂದು ಅನ್ನಿಸಬಹುದು, ಆದರೆ ಉತಾರದಲ್ಲಿ ಹಾಗೆ ಕೂತ ಹೆಸರು ಬ್ಯಾಂಕಿನಲ್ಲಿ, ಬೆಳೆವಿಮೆಯಲ್ಲಿ, ಆಧಾರ್ ಜೋಡಣೆಯಲ್ಲಿ ಪ್ರತಿಸಲ ಎದುರಾಗುತ್ತದೆ. ಅದನ್ನು ತಿದ್ದಿಸಲು ಮತ್ತೆ ಅರ್ಜಿ. ನೇರವಾಗಿ ಕನ್ನಡಕ್ಕೇ ತರುವುದು ಲೇಸು, ಮರಾಠಿ ಕನ್ನಡ ಎರಡನ್ನೂ ಓದಿ ಬರೆಯಬಲ್ಲವರು ಧಾರವಾಡ ಜಿಲ್ಲೆಯಲ್ಲಿ ಹುಡುಕಿದರೆ ಸಿಗುತ್ತಾರೆ.

ಸೋದರಮಾವಂದಿರಲ್ಲಿ ಕಿರಿಯವರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ತಾನೇ ಮಾಡಿಕೊಡುತ್ತೇನೆ ಎಂದರು. ಅವರನ್ನು ತಡೆದೆ. ಹಿಸ್ಸೆದಾರನೇ ಮಾಡಿದ ಅನುವಾದವನ್ನು ಯಾರಾದರೂ ಎತ್ತಿ ಪ್ರಶ್ನಿಸಬಹುದು. ಹುಬ್ಬಳ್ಳಿಯಲ್ಲಿ ಮರಾಠಿ ಕಲಿಸಿ ನಿವೃತ್ತರಾದ ಶಿಕ್ಷಕಿಯೊಬ್ಬರಿದ್ದರು. ಅವರಿಗೂ ಈ ಜಮೀನಿಗೂ ಸಂಬಂಧವಿಲ್ಲ. ಅವರು ಒಪ್ಪಿದರು. ಅವರು ಮಾಡಿದ ಕೆಲಸವನ್ನು ನೋಡಿ ನಾನು ಬಹಳ ಕಲಿತೆ.

ವಾರಸ ದಾಖಲೆಯಲ್ಲಿ ಮೂರು ಹೆಸರಿದ್ದವು: ತೀರಿಹೋದವಳ ಗಂಡ, ಮಗ, ಮಗಳು. ಹಿಂದೂ ಉತ್ತರಾಧಿಕಾರ ಅಧಿನಿಯಮ 1956ರ ಪ್ರಕಾರ ಒಬ್ಬ ಹೆಣ್ಣುಮಗಳ ಸ್ವಂತ ಆಸ್ತಿಗೆ ಅವಳ ಗಂಡ ಮತ್ತು ಮಕ್ಕಳು ವಾರಸುದಾರರು, ಹಾಗಾಗಿ ಅಲ್ಲಿಯ ಕಚೇರಿ ಮೂವರನ್ನೂ ಬರೆದದ್ದು ಸರಿ. ಆದರೆ ಇಲ್ಲಿ ಹಂಚಿಕೆಯಾಗುತ್ತಿರುವುದು ಅವಳ ಆಸ್ತಿಯಲ್ಲ, ಅವಳ ನಂತರ ತೀರಿಕೊಂಡ ತಂದೆ ಸ್ವಂತ ದುಡಿಮೆಯಿಂದ ಗಳಿಸಿದ್ದು. ಅದಕ್ಕೆ ಮೊದಲೇ ತೀರಿದ ಮಗಳ ಮಗ ಮತ್ತು ಮಗಳು ಒಂದನೇ ವರ್ಗದ ವಾರಸುದಾರರು. ಅಳಿಯ ಆ ಪಟ್ಟಿಯಲ್ಲಿಲ್ಲ. ಇದನ್ನು ತಿಳಿದ ಸೋದರಮಾವ, "ಹಂಗಾದ್ರ ಅಕ್ಕಾರ, ಅನುವಾದದಾಗ ಅಳಿಯಾರ ಹೆಸರು ಬಿಟ್ಟುಬಿಡ್ರಿ, ಸುಮ್ಮನ ಗೊಂದಲ ಆಗತೈತಿ" ಎಂದರು. ಶಿಕ್ಷಕಿ ಒಪ್ಪಲಿಲ್ಲ. "ಮೂಲದಾಗ ಇದ್ದದ್ದು ಇಲ್ಲೂ ಇರಬೇಕ್ರಿ. ಯಾರಿಗೆ ಹಕ್ಕೈತಿ ಅನ್ನೋದನ್ನ ನೀವು ಅರ್ಜಿಯಾಗ ಹೇಳ್ರಿ" ಎಂದರು.

ಅವರು ಹೇಳಿದ್ದೇ ಈ ಇಡೀ ವಿಷಯದ ತಿರುಳು. ಅನುವಾದ ಸಾಕ್ಷಿಯ ಭಾಗ, ಅರ್ಜಿ ವಾದದ ಭಾಗ. ಮೂಲದಲ್ಲಿ ಮೂರು ಹೆಸರಿದ್ದು ಅನುವಾದದಲ್ಲಿ ಎರಡೇ ಇದ್ದರೆ, ದೇವನಾಗರಿ ಅಕ್ಷರ ಗುರುತಿಸಬಲ್ಲ ಯಾರಿಗಾದರೂ ಅದು ಒಂದೇ ನೋಟಕ್ಕೆ ಸಿಗುತ್ತದೆ. ಆಮೇಲೆ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ. ಅನುವಾದದಲ್ಲಿ ಮೂರೂ ಹೆಸರು ಉಳಿದವು. ಅರ್ಜಿಯ ಎರಡನೆಯ ಪರಿಚ್ಛೇದದಲ್ಲಿ ನಾವು ಬರೆದೆವು: ಲಗತ್ತು 5ರಲ್ಲಿ ಮೃತ ಮಗಳ ಪತಿಯ ಹೆಸರೂ ಇದ್ದು, ಈ ಜಮೀನು ಆಕೆಯ ತಂದೆಯ ಸ್ವಯಾರ್ಜಿತವಾದ್ದರಿಂದ ಆಕೆಯ ಮಗ ಮತ್ತು ಮಗಳ ಹೆಸರನ್ನಷ್ಟೇ ದಾಖಲಿಸಲು ಕೋರಿದೆ. ಮಗಳ ಕವಲಿಗೆ ಸೇರಿ ಒಂದು ಹಿಸ್ಸೆ. ಒಟ್ಟು 180 ಗುಂಟೆಯಲ್ಲಿ ಗಂಡುಮಕ್ಕಳಿಗೆ ಅರವತ್ತು ಅರವತ್ತು, ಮೊಮ್ಮಕ್ಕಳಿಗೆ ಮೂವತ್ತು ಮೂವತ್ತು. ಜಮೀನು ಪಿತ್ರಾರ್ಜಿತವಾಗಿದ್ದರೆ ಈ ಲೆಕ್ಕ ಬೇರೆಯಾಗುತ್ತಿತ್ತು, ವಕೀಲರನ್ನು ಕೇಳದೆ ಬರೆಯುವಂತಿರಲಿಲ್ಲ.

ಎರಡನೆಯ ತೊಡಕು ಮಗಳ ಹೆಸರೇ. ತವರಿನ ವಂಶಾವಳಿಯಲ್ಲಿ ಅವಳಿಗೊಂದು ಹೆಸರು, ಗಂಡನ ಮನೆಯ ದಾಖಲೆಯಲ್ಲಿ ಇನ್ನೊಂದು. ಮದುವೆಯಲ್ಲಿ ಹುಡುಗಿಯ ಹೆಸರನ್ನೇ ಬದಲಿಸುವ ರೂಢಿ ಆ ಕಡೆ ಇದೆ, ನಮ್ಮ ಗಡಿಭಾಗದ ಮನೆಗಳಲ್ಲೂ ಇದೆ. ಇಲ್ಲಿಯೂ ಶಿಕ್ಷಕಿ ಎರಡನ್ನು ಒಂದು ಮಾಡಲಿಲ್ಲ. ಮರಾಠಿಯಲ್ಲಿ ಇದ್ದ ಹೆಸರನ್ನು ಅಕ್ಷರಕ್ಕೆ ಅಕ್ಷರ ಕನ್ನಡದಲ್ಲಿ ಬರೆದರು. ಎರಡೂ ಹೆಸರು ಒಬ್ಬಳದ್ದೇ ಎಂದು ಸಾಧಿಸಲು ಬೇರೆ ಕಾಗದ ಬೇಕು. ಅಣ್ಣ ಮತ್ತು ಮಗ ಇಬ್ಬರೂ ಪ್ರಮಾಣ ಮಾಡಿದ ಅಫಿಡವಿಟ್, ಜೊತೆಗೆ ತವರಿನ ಹೆಸರು ತಂದೆಯ ಹೆಸರಿನೊಂದಿಗೆ ಇರುವ ಶಾಲೆಯ ದಾಖಲೆ. ಅಫಿಡವಿಟ್ಟಿನಲ್ಲಿ ಎರಡೂ ಹೆಸರನ್ನು ಯಾವ ಯಾವ ದಾಖಲೆಯಲ್ಲಿ ಹೇಗೆ ಇದೆಯೋ ಹಾಗೆಯೇ ಬರೆಸಿದೆವು. ವಾರಸಾ ಅರ್ಜಿಗಳು ಗಂಟೆಗಟ್ಟಲೆ ಅಲ್ಲ, ತಿಂಗಳುಗಟ್ಟಲೆ ಕೂರುವುದು ಇಂಥ ಹೆಸರಿನ ಹೊಂದಾಣಿಕೆಯಲ್ಲೇ. ಅದು ಮುಂದೆ ಬರುತ್ತದೆ ಎಂದು ಗೊತ್ತಿದ್ದರೆ ಮೊದಲ ದಿನವೇ ಕಾಗದ ಸಿದ್ಧವಿರಬೇಕು.

ಅನುವಾದದ ಹಾಳೆಯನ್ನು ಅವರು ಸಿದ್ಧಪಡಿಸಿದ ರೀತಿಯನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಲಗತ್ತಿಸುವುದು ಹೇಗೆ ಎಂಬ ಪ್ರಶ್ನೆಗೆ ಅದೇ ಉತ್ತರ. ತಲೆಯ ಮೇಲೆ "ಲಗತ್ತು 5-ಅ: ಲಗತ್ತು 5ರ ಕನ್ನಡ ಅನುವಾದ" ಎಂದು ಬರೆದರು. ಮೂಲದಲ್ಲಿ ಕೋಷ್ಟಕವಿದ್ದಲ್ಲಿ ಕೋಷ್ಟಕ, ಸಾಲಿದ್ದಲ್ಲಿ ಸಾಲು. ಎರಡು ಹಾಳೆಯನ್ನು ಪಕ್ಕದಲ್ಲಿಟ್ಟು ಬೆರಳಿಟ್ಟು ಓದಿದರೆ ಹೊಂದಬೇಕು. ಮೂಲದ ದುಂಡು ಮೊಹರು, ಸಹಿ, ಜಾವಕ ನಂಬರು ಇವನ್ನೂ ಬಿಡದೆ ಚೌಕ ಕಂಸದಲ್ಲಿ ಬರೆದರು. ಮೊಹರಿನೊಳಗಿನ ಅಕ್ಷರ ಓದಲು ಬಂದಷ್ಟನ್ನು ಬರೆದು ಉಳಿದದ್ದಕ್ಕೆ "ಅಸ್ಪಷ್ಟ" ಎಂದರು. ಊಹಿಸಿ ತುಂಬಲಿಲ್ಲ. ಅಂಕಿಗಳ ಬಗ್ಗೆ ಅವರಿಗೆ ಬಹಳ ಎಚ್ಚರ. ದೇವನಾಗರಿಯ ಒಂದು ಮತ್ತು ಒಂಬತ್ತು ಕೈಬರಹದಲ್ಲಿ ಒಂದನ್ನೊಂದು ಹೋಲುತ್ತವೆ. ಮರಣದ ತಾರೀಕಿನಲ್ಲಿ ಅಂಥದ್ದೊಂದು ಅಂಕಿ ಇತ್ತು. ಅದನ್ನು ಮರಣ ಪ್ರಮಾಣಪತ್ರದ ಮುದ್ರಿತ ತಾರೀಕಿನೊಂದಿಗೆ ತಾಳೆ ನೋಡಿ ಆಮೇಲೆ ಬರೆದರು.

ಕೊನೆಗೆ ದೃಢೀಕರಣ. ತಮಗೆ ಮರಾಠಿ ಮತ್ತು ಕನ್ನಡ ಎರಡೂ ಓದಲು ಬರೆಯಲು ಬರುತ್ತವೆ, ಮೇಲಿನದು ಲಗತ್ತು 5ರ ಯಥಾವತ್ತಾದ ಮತ್ತು ಪೂರ್ಣವಾದ ಅನುವಾದ, ಈ ಜಮೀನಿನಲ್ಲಿ ತಮಗೆ ಯಾವ ಹಿತಾಸಕ್ತಿಯೂ ಇಲ್ಲ ಎಂದು ಮೂರು ವಾಕ್ಯ. ಹೆಸರು, ವಿಳಾಸ, ತಾರೀಕು, ಪ್ರತಿ ಪುಟದ ಕೆಳಗೆ ಸಹಿ. ನೋಟರಿ ಬೇಕೇ ಎಂಬ ಪ್ರಶ್ನೆ ಬಂತು. ನೋಟರಿಗಳ ಅಧಿನಿಯಮ 1952ರ 8ನೇ ಕಲಮು ನೋಟರಿಗೆ ಅನುವಾದ ಮಾಡುವ ಮತ್ತು ಅನುವಾದವನ್ನು ಪರಿಶೀಲಿಸಿ ದೃಢೀಕರಿಸುವ ಅಧಿಕಾರವನ್ನೇ ಕೊಟ್ಟಿದೆ. ಆದರೆ ಮರಾಠಿ ಬಾರದ ನೋಟರಿ ಹಾಕಿದ ಮೊಹರು ಅನುವಾದಕರ ಸಹಿಗೆ ಸಾಕ್ಷಿಯೇ ಹೊರತು ಅನುವಾದ ಸರಿ ಎಂಬುದಕ್ಕೆ ಅಲ್ಲ. ಆದ್ದರಿಂದ ಎರಡೂ ಭಾಷೆ ಬಲ್ಲ ನೋಟರಿಯನ್ನು ಹುಡುಕಿ ಅವರ ಮುಂದೆ ಮೂಲ ಮತ್ತು ಅನುವಾದ ಎರಡನ್ನೂ ಇಟ್ಟೆವು. ಜೋಡಿಸುವಾಗ ಮರಾಠಿ ಪ್ರತಿ ಮೊದಲು, ಅನುವಾದ ಅದರ ಬೆನ್ನಿಗೆ. ಅನುವಾದವನ್ನೆಲ್ಲ ಕಡತದ ಕೊನೆಗೆ ಗುಂಪಾಗಿ ಹಾಕಿದರೆ ಓದುವವರು ಹಿಂದೆ ಮುಂದೆ ತಿರುವಿ ಬೇಸರಪಡುತ್ತಾರೆ. ಮೂಲಪ್ರತಿಯನ್ನು ಎಂದೂ ಕೊಟ್ಟು ಬರಬಾರದು, ತೋರಿಸಿ ತರಬೇಕು. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಮೊಹರು ಮತ್ತು ಆವಕ ನಂಬರು ಹಾಕಿಸಿಕೊಂಡೇ ಕಚೇರಿಯಿಂದ ಹೊರಡಬೇಕು. ಆ ನಂಬರೇ ಇಲ್ಲದಿದ್ದರೆ ಮುಂದೆ ಯಾವ ಭಾಷೆಯಲ್ಲಿ ವಿಚಾರಿಸಿದರೂ ಉಪಯೋಗವಿಲ್ಲ.

ಅರ್ಜಿ ಕೂತುಬಿಟ್ಟರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 2005ರ ಆ ಅಧಿನಿಯಮ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆ ಯಾವುದರಲ್ಲಾದರೂ ಬರೆಯಲು ಬಿಡುತ್ತದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯದ ಮೇಲೆ 150 ಪದ ಮೀರದಂತೆ ಇರಬೇಕು. ಇಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. "ಕಚೇರಿಯಲ್ಲಿರುವ" ಎಂಬಷ್ಟನ್ನು ನಾವು ಒಂದೇ ಪದದಲ್ಲಿ ಹೇಳುತ್ತೇವೆ, ಇಂಗ್ಲಿಷಿಗೆ ಅದಕ್ಕೆ ನಾಲ್ಕೈದು ಪದ ಬೇಕು. ಅದೇ 150ರಲ್ಲಿ ಕನ್ನಡದವನು ಹೆಚ್ಚು ಕೇಳಬಲ್ಲ.

ವಾರಸಾ ಆದ ಮೇಲೆ ಹಿಸ್ಸೆಯನ್ನು ಸೋದರಮಾವಂದಿರಿಗೇ ಬಿಟ್ಟುಕೊಡುವ ಯೋಚನೆ ಮೊಮ್ಮಗಳಿಗಿತ್ತು. ಅದಕ್ಕೆ ಹಕ್ಕುಬಿಟ್ಟ ಪತ್ರ ನೋಂದಣಿಯಾಗಬೇಕು, ಅದು ಉಪನೋಂದಣಾಧಿಕಾರಿಯ ಕಚೇರಿ. ತಹಶೀಲ್ದಾರ ಕಚೇರಿಯಲ್ಲಿ ಅನುವಾದ ರೂಢಿಯ ಮಾತಾದರೆ ಇಲ್ಲಿ ಅದು ಕಾನೂನಿನ ಮಾತು. ನೋಂದಣಿ ಅಧಿನಿಯಮ 1908ರ 19ನೇ ಕಲಮಿನ ಪ್ರಕಾರ, ದಸ್ತಾವೇಜು ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲಿಲ್ಲದ ಭಾಷೆಯಲ್ಲಿದ್ದರೆ ಅದನ್ನು ನೋಂದಾಯಿಸಲು ಅವರು ನಿರಾಕರಿಸಲೇಬೇಕು. ಜಿಲ್ಲೆಯ ಬಳಕೆಯ ಭಾಷೆಗೆ ಮಾಡಿದ ನಿಜ ಅನುವಾದ ಮತ್ತು ಮೂಲದ ನಿಜ ಪ್ರತಿ ಜೊತೆಗಿದ್ದರೆ ಮಾತ್ರ ತೆಗೆದುಕೊಳ್ಳಬಹುದು. 62ನೇ ಕಲಮಿನಂತೆ ಪುಸ್ತಕಕ್ಕೆ ಏರುವುದು ಆ ಅನುವಾದವೇ. ಮುಂದೆ ದೃಢೀಕೃತ ನಕಲು ಕೇಳಿದಾಗ ಅದರ ಆಧಾರದ ಮೇಲೆಯೇ ಬರುತ್ತದೆ. ಇಷ್ಟು ತೂಕ ಅದಕ್ಕಿರುವಾಗ ಮರಾಠಿಯಲ್ಲಿ ಬರೆಸಿ ಅನುವಾದ ಮಾಡಿಸುವ ಬದಲು ಪತ್ರವನ್ನೇ ಕನ್ನಡದಲ್ಲಿ ಬರೆಸಿ, ಅವಳಿಗೆ ಓದಿ ಹೇಳಿ ಸಹಿ ಮಾಡಿಸುವುದು ಸರಿ ಎಂದು ಸಲಹೆ ಕೊಟ್ಟೆ.

ಕುಂದಗೋಳದ ಕಡೆಯವರ ಕಷ್ಟ ಇನ್ನೊಂದು ಬಗೆಯದು. ಆ ತಾಲೂಕು 1948ರವರೆಗೆ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಇನಾಮು, ದೇವಸ್ಥಾನದ ಜಮೀನು ಇಂಥವುಗಳ ಬೇರು ಹುಡುಕಲು ಹೊರಟವರ ಕೈಗೆ ಮೋಡಿ ಅಕ್ಷರದ ಮರಾಠಿ ಕಾಗದ ಸಿಗಬಹುದು. ಮೋಡಿಯನ್ನು ನೇರವಾಗಿ ಕನ್ನಡಕ್ಕೆ ಅನುವಾದಿಸಿ ಕೊಟ್ಟರೆ ಸರಿಯಿದೆಯೋ ಇಲ್ಲವೋ ಎಂದು ನೋಡಬಲ್ಲವರು ಕಚೇರಿಯಲ್ಲಿ ಸಿಗುವುದು ಕಷ್ಟ. ಅದಕ್ಕೆ ಮೂರು ಹಾಳೆ ಬೇಕು: ಮೋಡಿಯ ನಕಲು, ಅದೇ ಮರಾಠಿ ದೇವನಾಗರಿ ಲಿಪಿಯಲ್ಲಿ, ಆಮೇಲೆ ಕನ್ನಡ ಅನುವಾದ. ನಡುವಿನ ಹಾಳೆ ಇದ್ದರೆ ಮರಾಠಿ ಬಲ್ಲ ಯಾರಾದರೂ ಮೂರನೆಯದನ್ನು ಪರಿಶೀಲಿಸಬಹುದು. ತಪ್ಪು ಓದಿನದೋ ಅನುವಾದದ್ದೋ ಎಂಬುದೂ ಗೊತ್ತಾಗುತ್ತದೆ. ಕಾಗದದಲ್ಲಿ ಫಸಲಿ ವರ್ಷವಿದ್ದರೆ ಅದನ್ನು ಹಾಗೆಯೇ ಉಳಿಸಿ, ಇಸವಿಯನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕು. ದಖ್ಖನಿನ ಫಸಲಿಗೆ 590 ಕೂಡಿಸಿದರೆ ವರ್ಷ ಶುರುವಾಗುವ ಇಸವಿ ಬರುತ್ತದೆ. ಫಸಲಿ 1357 ಎಂದರೆ 1947-48.

ಹಾಗಾದರೆ ಇಂಗ್ಲಿಷ್ ಎಂದೂ ಬೇಡವೇ? ಬೇಕು. ಕಾಗದ ಓದುವವರು ರಾಜ್ಯದ ಹೊರಗೆ ಕೂತಿರುವಾಗ ಬೇಕು. ಕೇಂದ್ರದ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಇದೆ, ಅದನ್ನು ಬಿಟ್ಟುಕೊಡಬಾರದು. ಆದರೆ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಬರೆದ ಮನವಿ ದಿಲ್ಲಿಗೂ ಹೋಗಬೇಕಾದೀತು ಎನಿಸಿದರೆ ಕನ್ನಡದ ಮೂಲಕ್ಕೆ ನಾವೇ ಒಂದು ಇಂಗ್ಲಿಷ್ ಅನುವಾದ ಜೋಡಿಸುವುದು ಒಳ್ಳೆಯದು. ಅನುವಾದ ನಮ್ಮ ಕೈಯಿಂದಲೇ ಹೋಗಲಿ ಎಂಬ ಅದೇ ಕಾರಣ ಅಲ್ಲಿ ತಿರುವುಮುರುವಾಗಿ ಕೆಲಸ ಮಾಡುತ್ತದೆ. ಜಮೀನಿನ ವಿಷಯದಲ್ಲಿ ತಹಶೀಲ್ದಾರರ ಆದೇಶ ಒಪ್ಪದಿದ್ದರೆ ಮೇಲ್ಮನವಿ ಧಾರವಾಡದ ಉಪವಿಭಾಗಾಧಿಕಾರಿಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ. ಅಲ್ಲಿಯವರೆಗೂ ಕನ್ನಡ ಸಾಕು. ಅದನ್ನೂ ದಾಟಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದರೆ ನಡಾವಳಿ ಇಂಗ್ಲಿಷಿನಲ್ಲಿ. ಆಗ ವಕೀಲರು ಇಡೀ ಕಡತದ ಬೇಕಾದ ಕಾಗದಗಳನ್ನು ಅನುವಾದ ಮಾಡಿಸುತ್ತಾರೆ. ಅಂಥ ದಿನ ಬರಬಹುದೆಂದು ಮೊದಲ ಅರ್ಜಿಯನ್ನೇ ಇಂಗ್ಲಿಷಿನಲ್ಲಿ ಬರೆಯುವುದು ಸರಿಯಲ್ಲ.

ಈ ಪ್ರಕರಣದಲ್ಲಿ ಚಾವಡಿಯ ನೋಟಿಸಿಗೆ ಯಾರೂ ತಕರಾರು ಮಾಡಲಿಲ್ಲ. ಉತಾರದಲ್ಲಿ ನಾಲ್ಕೂ ಹೆಸರು ಬಂದವು. ಹುಡುಗನ ಹೆಸರಿನ ಕಾಗುಣಿತವೂ ಸರಿಯಾಗಿ ಬಂದಿತ್ತು. ಕೆಲ ದಿನಗಳ ಮೇಲೆ ಅವನು ಫೋನು ಮಾಡಿದ. ಅಲ್ಲಿಯ ಬ್ಯಾಂಕಿನಲ್ಲಿ ಆಸ್ತಿಯ ವಿವರ ಕೊಡಬೇಕಾಗಿದೆ, ಉತಾರ ಕನ್ನಡದಲ್ಲಿದೆ, ಓದುವವರಿಲ್ಲ, ಏನು ಮಾಡಲಿ ಎಂದು ಕೇಳಿದ. ಈ ಸಲ ಓದುವವರು ಅಲ್ಲಿದ್ದಾರೆ, ಆದ್ದರಿಂದ ಕಾಗದ ಅತ್ತ ಕಡೆ ದಾಟಬೇಕು. ಬ್ಯಾಂಕಿನವರನ್ನೇ ಕೇಳಿ ಇಂಗ್ಲಿಷ್ ಆದರೆ ಸಾಕೆಂದು ಖಚಿತ ಮಾಡಿಕೊಂಡ. ಹೆಸರುಗಳ ಇಂಗ್ಲಿಷ್ ಅಕ್ಷರಗಳನ್ನು ಆಧಾರ್‌ನಲ್ಲಿ ಇದ್ದಂತೆ ಬರೆಯಲು ಹೇಳಿದೆ. ರಿ.ಸ.ನಂ. ಮತ್ತು ಹಿಸ್ಸೆಯ ಗುರುತನ್ನು ಬದಲಿಸುವ ಹಾಗಿಲ್ಲ. ಅಲ್ಲಿಯವರ ಲೆಕ್ಕ ಹೆಕ್ಟೇರು ಮತ್ತು ಆರ್‌ನಲ್ಲಿ. ಅನುವಾದಕರು ಎಕರೆ ಗುಂಟೆಯನ್ನು ಅಳಿಸಿ ಹೆಕ್ಟೇರು ಬರೆದುಬಿಟ್ಟಿದ್ದರು. ಅದನ್ನು ತಿದ್ದಿಸಿದೆ. ಸಾಲಿನಲ್ಲಿ ಮೂವತ್ತು ಗುಂಟೆ ಎಂದೇ ಇರಲಿ, ಒಂದು ಗುಂಟೆ ಎಂದರೆ ಹೆಚ್ಚುಕಡಿಮೆ ಒಂದು ಆರ್ ಎಂಬುದನ್ನು ಕೆಳಗೆ ಅನುವಾದಕರ ಟಿಪ್ಪಣಿಯಾಗಿ ಬರೆದು ಸಹಿ ಹಾಕಲಿ ಎಂದೆ. ಹಾಗೆಯೇ ಮಾಡಿ ಕೊಟ್ಟರು.